‘ಅದೇ ದುಡ್ಡು’ ಎಂದರೆ ಯಾವ ದುಡ್ಡು?

“ಎಷ್ಟು ವರ್ಷ ಅಂತ ಬಾಡಿಗೆ ಕಟ್ಟುತ್ತೀಯಮ್ಮ? ಅದೇ ದುಡ್ಡಿಗೆ ಕಂತು ಕಟ್ಟಿದ್ದರೆ ಇಷ್ಟು ಹೊತ್ತಿಗೆ ಮನೆ ನಿನ್ನದಾಗುತ್ತಿತ್ತಲ್ಲ?”

ಯಾವ ದುಡ್ಡು? ಮೊದಲು ಅದನ್ನು ಹೇಳಿ. ನಾನು ಕೊಡುವ ಬಾಡಿಗೆ ತಿಂಗಳಿಗೆ 28,000 ರೂಪಾಯಿ. ಬನಶಂಕರಿ ಮೂರನೇ ಹಂತದಲ್ಲಿ, ಲಿಫ್ಟು ಆಗಾಗ ಮುನಿಸಿಕೊಳ್ಳುವ ನಾಲ್ಕು ಮಹಡಿಯ ಹಳೆಯ ಕಟ್ಟಡದಲ್ಲಿ, ಎರಡು ಮಲಗುವ ಕೋಣೆಗಳ ಫ್ಲ್ಯಾಟು. ಶೇ 8.5ರ ಬಡ್ಡಿಗೆ 20 ವರ್ಷದ ಸಾಲ ತೆಗೆದರೆ, ಒಂದು ಲಕ್ಷಕ್ಕೆ ತಿಂಗಳ ಕಂತು ಸುಮಾರು 868 ರೂಪಾಯಿ. ಅಂದರೆ ನನ್ನ ‘ಅದೇ ದುಡ್ಡಿಗೆ’ ಸಿಗುವ ಸಾಲ 32 ಲಕ್ಷ. ಕೈಯಿಂದ ಎಂಟು ಲಕ್ಷ ಸೇರಿಸಿದರೆ 40 ಲಕ್ಷ. ನಮ್ಮ ಕಟ್ಟಡದಲ್ಲಿ ಅಷ್ಟಕ್ಕೆ ನಡುಮನೆ ಮತ್ತು ಅಡುಗೆಮನೆ ಬರಬಹುದು. ಸ್ನಾನಕ್ಕೆ ಎದುರು ಮನೆಗೆ ಹೋಗಬೇಕು.

ಇದನ್ನು ಕೇಳುವವರಿಗೆ ನನ್ನ ವಿಷಯದಲ್ಲಿ ಇನ್ನೊಂದು ಖುಷಿಯಿದೆ. ನಾನು ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಮಾಡುವವಳು. ಊರವರ ಲೆಕ್ಕವನ್ನೆಲ್ಲ ನೋಡುವವಳಿಗೆ ತನ್ನ ಮನೆಯ ಲೆಕ್ಕ ಗೊತ್ತಿಲ್ಲ ಎಂದು ಹೇಳುವ ಸುಖವನ್ನು ಯಾರು ಬಿಡುತ್ತಾರೆ? ಕಳೆದ ಸಲ ಹಾಗೆ ಹೇಳಿದವರು ದೊಡ್ಡಪ್ಪ, ಕನಕಪುರ ರಸ್ತೆಯಲ್ಲಿ ಚಿಕ್ಕಪ್ಪನ ಮಗನ ಗೃಹಪ್ರವೇಶದ ಊಟಕ್ಕೆ ಕೂತಾಗ. ಹೋಳಿಗೆಗೆ ತುಪ್ಪ ಬೀಳುವವರೆಗೆ ಸುಮ್ಮನಿದ್ದರು. ಆಮೇಲೆ ಮಜ್ಜಿಗೆಹುಳಿಯಲ್ಲಿ ಬೆರಳದ್ದಿ, ಎಲೆಯ ತುದಿಯಲ್ಲಿ 28ನ್ನು 12ರಿಂದ ಗುಣಿಸಿದರು. “ವರ್ಷಕ್ಕೆ ಮೂರು ಲಕ್ಷದ ಮೂವತ್ತಾರು ಸಾವಿರ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ” ಎಂದರು. ಸುತ್ತ ಕೂತಿದ್ದ ನಾಲ್ಕೈದು ಮಂದಿ ತಲೆಯಾಡಿಸಿದರು. ನನ್ನ ಎಲೆಯ ಮೇಲೆ ಉತ್ತರ ಬರೆಯೋಣವೆಂದುಕೊಂಡೆ. ಅಷ್ಟರಲ್ಲಿ ಪಾಯಸ ಬಂತು. ಆ ಉತ್ತರವನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ, ಮುಂದೆ ಯಾರಾದರೂ ಕೇಳಿದರೆ ಓದಿಕೊಳ್ಳಿ ಎಂದು ಹೇಳಲು.

ನನ್ನ ಎದುರು ಮನೆ ಮಾರಾಟವಾಯಿತು. ಅದೇ ಅಳತೆ, ಅದೇ ಮಹಡಿ, ಕಿಟಕಿಯಿಂದ ಕಾಣುವುದೂ ಅದೇ ನೀರಿನ ಟ್ಯಾಂಕು. ಬೆಲೆ 90 ಲಕ್ಷ. ಕೊಂಡವರು ನನ್ನ ವಯಸ್ಸಿನವರೇ, ತುಂಬ ಒಳ್ಳೆಯವರು, ತಮ್ಮ ಲೆಕ್ಕವನ್ನು ಮುಚ್ಚಿಡದೆ ಹೇಳಿದರು. ಬ್ಯಾಂಕಿನವರು ಬೆಲೆಯ ಶೇ 80ರಷ್ಟು, ಅಂದರೆ 72 ಲಕ್ಷ ಕೊಟ್ಟರು. ಉಳಿದ 18 ಲಕ್ಷ ಅವರದು. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು ಮತ್ತು ಸರ್‌ಚಾರ್ಜು, ನೋಂದಣಿ ಶುಲ್ಕ ಎಲ್ಲ ಸೇರಿ ಬೆಂಗಳೂರಿನಲ್ಲಿ ಈಗ ಶೇ 7.6 ಆಗುತ್ತದೆ. ಅದಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ. ಹಾಗಾಗಿ ಇನ್ನೂ 6 ಲಕ್ಷದ 84 ಸಾವಿರ ಕೈಯಿಂದಲೇ ಹೋಯಿತು. ಒಟ್ಟು ಸುಮಾರು 25 ಲಕ್ಷ ಕೊಟ್ಟು ಒಳಗೆ ಕಾಲಿಟ್ಟರು. ಇನ್ನು 20 ವರ್ಷ ತಿಂಗಳಿಗೆ 62,483 ರೂಪಾಯಿ ಕಂತು.

ಮೊದಲ ಕಂತಿನಲ್ಲಿ ಬಡ್ಡಿಯೇ 51,000 ರೂಪಾಯಿ. ಅಸಲಿಗೆ ಸೇರಿದ್ದು ಹನ್ನೊಂದೂವರೆ ಸಾವಿರಕ್ಕೆ ಸ್ವಲ್ಪ ಕಡಿಮೆ. ದೊಡ್ಡಪ್ಪನವರ ಎಲೆಯಲ್ಲಿ ಈ ಸಾಲು ಇರಲಿಲ್ಲ. ನಾನು ಹೊಳೆಗೆ ಹಾಕುವುದು ತಿಂಗಳಿಗೆ 28,000 ಆದರೆ, ಅವರು ಹಾಕುವುದು 51,000. ಅವರ ಹೊಳೆ ಬ್ಯಾಂಕಿನ ಮುಂದೆ ಹರಿಯುತ್ತದೆ, ಅಷ್ಟೇ ವ್ಯತ್ಯಾಸ. ಹತ್ತು ವರ್ಷ ಒಂದು ಕಂತೂ ತಪ್ಪಿಸದೆ ಕಟ್ಟಿದರೆ 75 ಲಕ್ಷ ಕಟ್ಟಿದ ಹಾಗಾಗುತ್ತದೆ. ಆಗಲೂ ಬಾಕಿ ಇರುವ ಸಾಲ 50 ಲಕ್ಷಕ್ಕಿಂತ ಸ್ವಲ್ಪ ಹೆಚ್ಚೇ. ಬಡ್ಡಿಗೆ ತೆರಿಗೆಯಲ್ಲಿ ವಿನಾಯಿತಿ ಇದೆಯಲ್ಲ ಎನ್ನುವವರಿಗೆ ಒಂದು ಮಾತು: ವಾಸದ ಮನೆಗೆ ವರ್ಷಕ್ಕೆ ಎರಡು ಲಕ್ಷದ ಆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿ ಆರಿಸಿಕೊಂಡವರಿಗೆ ಅದಿಲ್ಲ.

ಹಾಗಾದರೆ ಎದುರು ಮನೆಯವರು ಪೆದ್ದರೇ? ಅಲ್ಲ. ಒಂದು ವರ್ಷವನ್ನು ಬಿಡಿಸಿ ನೋಡೋಣ. ಅವರಿಗೆ ಮರಳಿ ಬಾರದ ದುಡ್ಡು: ಬಡ್ಡಿ ಆರು ಲಕ್ಷ, ಮನೆಗೆ ಹಾಕಿದ 25 ಲಕ್ಷವನ್ನು ಠೇವಣಿ ಇಟ್ಟಿದ್ದರೆ ಬರುತ್ತಿದ್ದ ಒಂದು ಲಕ್ಷದ ಅರವತ್ತು ಸಾವಿರ, ಆಸ್ತಿ ತೆರಿಗೆ, ರಿಪೇರಿ, ಸುಣ್ಣಬಣ್ಣವೆಂದು ವರ್ಷಕ್ಕೆ ಸರಾಸರಿ ಐವತ್ತು ಸಾವಿರ. ಒಟ್ಟು ಎಂಟು ಲಕ್ಷದ ಹತ್ತಿರ. ನನ್ನದು ಬಾಡಿಗೆ, ಜೊತೆಗೆ ಮಾಲೀಕರ ಬಳಿ ಮಲಗಿರುವ ಅಡ್ವಾನ್ಸಿಗೆ ಬರಬಹುದಾಗಿದ್ದ ಬಡ್ಡಿ ಸೇರಿ ಮೂರೂವರೆ ಲಕ್ಷ. ಅಂತರ ನಾಲ್ಕೂವರೆ ಲಕ್ಷದಷ್ಟು. 90 ಲಕ್ಷದ ಮನೆಯ ಬೆಲೆ ಆ ವರ್ಷ ಶೇ 5ರಷ್ಟು ಏರಿದರೆ ಇಬ್ಬರೂ ಸಮ. ಹೆಚ್ಚು ಏರಿದರೆ ಅವರು ಗೆದ್ದರು, ಕಡಿಮೆಯಾದರೆ ನಾನು. ಹಳೆಯ ಕಟ್ಟಡದ ಫ್ಲ್ಯಾಟಿನ ಬೆಲೆ ಏರುವುದಾದರೆ ಅದು ಗೋಡೆಯಿಂದಲ್ಲ, ಕೆಳಗಿರುವ ನೆಲದಲ್ಲಿ ಅವರ ಪಾಲಿಗೆ ಬರುವ ಅವಿಭಜಿತ ತುಣುಕಿನಿಂದ. ಗೋಡೆ ವರ್ಷವರ್ಷವೂ ಮುದಿಯಾಗುತ್ತದೆ. ಇನ್ನು ಮೂರು ವರ್ಷಕ್ಕೇ ಊರು ಬಿಡುವಂತಾದರೆ, ಕೊಟ್ಟ ಮುದ್ರಾಂಕ ಶುಲ್ಕ ಗಿಟ್ಟುವುದಕ್ಕೇ ಬೆಲೆ ಶೇ 7.6 ಏರಿರಬೇಕು.

ದೊಡ್ಡಪ್ಪನವರ ಎರಡನೇ ಅಸ್ತ್ರ ಇದಕ್ಕಿಂತ ಗಟ್ಟಿಯಾದದ್ದು: “ಕಂತು ನಿಂತಲ್ಲೇ ನಿಂತಿರುತ್ತದೆ, ಬಾಡಿಗೆ ಏರುತ್ತಲೇ ಇರುತ್ತದೆ.” ಇದರಲ್ಲಿ ಎರಡನೆಯ ಭಾಗ ನಿಜ. ಅದೂ ಅವರು ಎಣಿಸಿದ್ದಕ್ಕಿಂತ ಬೇಗ, ಏಕೆಂದರೆ ಬೆಂಗಳೂರಿನ ಬಾಡಿಗೆ ಕರಾರಿಗೆ ವರ್ಷವೆಂದರೆ ಹನ್ನೊಂದೇ ತಿಂಗಳು. ಹನ್ನೆರಡು ದಾಟಿದರೆ ನೋಂದಣಿ ಮಾಡಿಸಬೇಕಾಗುತ್ತದೆ, ಅದಕ್ಕೆ. ಸಲಕ್ಕೆ ಶೇ 5 ಏರಿದರೆ ನನ್ನ ಬಾಡಿಗೆ ಎದುರು ಮನೆಯವರ ಕಂತನ್ನು ದಾಟುವುದು 17ನೇ ಏರಿಕೆಗೆ, ಅಂದರೆ ಹದಿನೈದೂವರೆ ವರ್ಷದ ಮೇಲೆ. ಶೇ 10 ಏರಿಸುವ ಮಾಲೀಕರು ಸಿಕ್ಕರೆ ಎಂಟೇ ವರ್ಷಕ್ಕೆ ದಾಟಿಬಿಡುತ್ತದೆ. ಆದ್ದರಿಂದ ಮನೆ ನೋಡಲು ಹೋದವರು ಕರಾರಿನಲ್ಲಿ ಬಾಡಿಗೆಯ ಅಂಕಿಗಿಂತ ಮೊದಲು ಏರಿಕೆಯ ಅಂಕಿ ಓದಬೇಕು. ನಾನು ಮೊದಲ ಮನೆಯಲ್ಲಿ ಓದಿರಲಿಲ್ಲ, ಎರಡು ಸಲ ಶೇ 10 ಕೊಟ್ಟು ಬಿಟ್ಟು ಬಂದೆ. ಹೊರಡುವಾಗ ಪೇಂಟಿಂಗಿಗೆ ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡರು. ಗೋಡೆಗೆ ಬಣ್ಣ ಹೊಡೆದರೋ ಇಲ್ಲವೋ ಆ ಗೋಡೆಗೇ ಗೊತ್ತು. ಆದರೂ ಬಾಡಿಗೆ ಕಂತನ್ನು ದಾಟಿದ ದಿನವೇ ನಾನು ಸೋತ ದಿನವಲ್ಲ. ಅಲ್ಲಿಯವರೆಗೆ ನನ್ನ ಬಳಿ ಉಳಿದ ಹಣವೂ ಬೆಳೆದಿರುತ್ತದೆ. ಈ ವಿಷಯಕ್ಕೆ ಆಮೇಲೆ ಬರುತ್ತೇನೆ, ಅಲ್ಲಿ ನನಗೆ ಸ್ವಲ್ಪ ಮುಜುಗರವಿದೆ.

ಕಂತು ನಿಂತಲ್ಲೇ ನಿಲ್ಲುತ್ತದೆ ಎಂಬುದನ್ನು ನಮ್ಮ ಭಾವನ ಮುಂದೆ ಹೇಳಿ ನೋಡಿ. ಅವರು 2021ರಲ್ಲಿ ಶೇ 7ಕ್ಕೆ 50 ಲಕ್ಷ ಸಾಲ ಮಾಡಿದರು. ಕಂತು 38,765. ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿಯಾದ ರೆಪೊ ದರ 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯ ಹೊತ್ತಿಗೆ ಶೇ 4ರಿಂದ 6.5ಕ್ಕೆ ಏರಿತು. ಭಾವನ ಸಾಲದ ಬಡ್ಡಿಯೂ ಶೇ 9.5 ಆಯಿತು. ಕಂತು ಮಾತ್ರ ಅಲ್ಲಾಡಲಿಲ್ಲ. ಅದೇ ಸಮಾಧಾನದಲ್ಲಿ ಅವರು ಬ್ಯಾಂಕಿನ ವಿವರಪಟ್ಟಿಯನ್ನು ತೆರೆದು ನೋಡಿಯೇ ಇರಲಿಲ್ಲ. ಒಂದು ಭಾನುವಾರ ನನ್ನ ಮುಂದೆ ತೆರೆದರು. ಬಾಕಿ 47 ಲಕ್ಷದ ಮೇಲಿತ್ತು. ಅದರ ತಿಂಗಳ ಬಡ್ಡಿಯೇ ಮೂವತ್ತೇಳೂವರೆ ಸಾವಿರ ದಾಟಿತ್ತು. ಅಸಲಿಗೆ ಸೇರುತ್ತಿದ್ದುದು ಹನ್ನೊಂದು ನೂರು ರೂಪಾಯಿ ಚಿಲ್ಲರೆ. ಆ ವೇಗದಲ್ಲಿ ಹದಿನೆಂಟು ವರ್ಷ ಉಳಿದಿದ್ದ ಸಾಲಕ್ಕೆ ಮೂವತ್ತೇಳು ವರ್ಷ ಬೇಕು. ಅಕ್ಕ ಕಾಫಿ ತಂದಿಟ್ಟಳು, ಯಾರೂ ಮುಟ್ಟಲಿಲ್ಲ. ಕೊನೆಗೆ ಕಂತನ್ನೂ ಏರಿಸಿ, ಅಕ್ಕನ ಒಂದಷ್ಟು ಠೇವಣಿಯನ್ನೂ ಮುರಿದು ಸಾಲಕ್ಕೆ ತುಂಬಿದರು. ಬಡ್ಡಿ ಏರಿದಾಗ ಕಂತು ಏರಿಸಬೇಕೇ, ಅವಧಿ ಹಿಗ್ಗಿಸಬೇಕೇ ಎಂದು ಸಾಲಗಾರರನ್ನು ಕೇಳಬೇಕೆಂದು ರಿಸರ್ವ್ ಬ್ಯಾಂಕು 2023ರ ಆಗಸ್ಟ್‌ನಲ್ಲಿ ಸೂಚಿಸಿತು. ಆಮೇಲೆ 2025ರಲ್ಲಿ ರೆಪೊ ದರ ಮತ್ತೆ ಇಳಿದದ್ದೂ ನಿಜ. ಸಾಲ ಇರುವವರು ನೋಡಬೇಕಾದದ್ದು ಕಂತನ್ನಲ್ಲ. ಪಟ್ಟಿಯಲ್ಲಿ ಇನ್ನೆಷ್ಟು ತಿಂಗಳು ಉಳಿದಿದೆ ಎಂಬ ಅಂಕಿಯನ್ನು. ಅದು ಹಿಗ್ಗಿದ್ದರೆ ಕಂತು ಗುಟ್ಟಾಗಿ ಏರಿದೆ ಎಂದೇ ಅರ್ಥ.

ನನ್ನನ್ನು ಯಾರಾದರೂ ಕೇಳಬೇಕಾಗಿದ್ದ ಪ್ರಶ್ನೆ ಬೇರೆಯದೇ ಇದೆ: “ಸರಿ, ಉಳಿದ ದುಡ್ಡು ಎಲ್ಲಿ?”

ಈ ಪ್ರಶ್ನೆಗೆ ನನ್ನ ಬಾಯಿ ಕಟ್ಟುತ್ತದೆ. ನನ್ನ ಲೆಕ್ಕವೆಲ್ಲ ನಿಂತಿರುವುದು ಒಂದೇ ಕಾಲಿನ ಮೇಲೆ: ಕೈಯಲ್ಲಿರುವ ದೊಡ್ಡ ಮೊತ್ತವೂ, ಕಂತಿಗೂ ಬಾಡಿಗೆಗೂ ನಡುವಿನ 34,000 ರೂಪಾಯಿಯೂ ತಿಂಗಳು ತಿಂಗಳು ಎಲ್ಲೋ ಬೆಳೆಯುತ್ತಿರಬೇಕು. ನಾನು ಈ ಮನೆಗೆ ಬಂದು ಆರು ವರ್ಷ. ಮೊದಲ ಎರಡು ವರ್ಷ ಒಂದು ಪೈಸೆ ಉಳಿಸಲಿಲ್ಲ. ಕಂತಿಲ್ಲದ ಸಂಬಳ ಎಷ್ಟು ಹಗುರವಾಗಿ ಕರಗುತ್ತದೆಂದು ಕಂತು ಕಟ್ಟುವವರಿಗೆ ಗೊತ್ತಿಲ್ಲ. ಮೂರನೇ ವರ್ಷದಿಂದ ಸಂಬಳ ಬಂದ ಮರುದಿನವೇ 20,000 ತಾನಾಗಿ ಕಡಿತವಾಗಿ ಹೂಡಿಕೆಗೆ ಹೋಗುವಂತೆ ಮಾಡಿದ್ದೇನೆ. ಪೂರ್ತಿ 34,000 ಹೂಡಲು ನನಗೆ ಇನ್ನೂ ಆಗಿಲ್ಲ. ಬ್ಯಾಂಕಿನವರ ಹೆದರಿಕೆಗೆ ಎದುರು ಮನೆಯವರು ಮಾಡುತ್ತಿರುವ ಉಳಿತಾಯವನ್ನು ನಾನು ಯಾರ ಹೆದರಿಕೆಯೂ ಇಲ್ಲದೆ ಮಾಡಬೇಕು. ಇದಕ್ಕಿಂತ ದೊಡ್ಡ ದಿಗಿಲು ಇನ್ನೊಂದಿದೆ. 20 ವರ್ಷದ ಮೇಲೆ ಅವರ ಕಂತು ಮುಗಿಯುತ್ತದೆ. ನನ್ನ ಬಾಡಿಗೆ ಶೇ 5ರ ಲೆಕ್ಕದಲ್ಲೇ 78,000 ಆಗಿರುತ್ತದೆ, ನನಗೆ ಅರವತ್ತು ದಾಟಿರುತ್ತದೆ. ದೊಡ್ಡಪ್ಪ ಎಲೆಯ ಮೇಲೆ 28 ಎಂದು ಬರೆಯುವ ಬದಲು 78 ಎಂದು ಬರೆದಿದ್ದರೆ ನನ್ನ ಗಂಟಲಲ್ಲಿ ಹೋಳಿಗೆ ಇಳಿಯುತ್ತಿರಲಿಲ್ಲ.

ಕಳೆದ ವಾರ ಎದುರು ಮನೆಯವರು ಒಂದು ನೋಟಿಸು ಹಿಡಿದು ಬಂದರು. ಲಿಫ್ಟು ಬದಲಾಯಿಸಬೇಕು, ಹೊರಗೋಡೆಗೆ ಬಣ್ಣ ಬಳಿಸಬೇಕು, ಫ್ಲ್ಯಾಟೊಂದಕ್ಕೆ 85,000 ರೂಪಾಯಿ, ಎರಡು ಕಂತುಗಳಲ್ಲಿ. ತಿಂಗಳ ಮೇಂಟೆನೆನ್ಸು ಇಬ್ಬರೂ ಒಂದೇ ಕೊಡುತ್ತೇವೆ. ಇಂಥದ್ದು ಮಾತ್ರ ಮಾಲೀಕರ ಪಾಲು. “ನಿಮಗೂ ಬಂತಾ?” ಎಂದು ಕೇಳಿದರು. ನಮ್ಮ ಓನರ್‌ಗೆ ಬಂದಿರುತ್ತದೆ ಎಂದೆ. ಅಷ್ಟು ಹೊತ್ತಿಗೆ ನನ್ನ ಮೊಬೈಲ್ ಸದ್ದು ಮಾಡಿತು. ಓನರ್ ಸಂದೇಶ ಕಳಿಸಿದ್ದರು: ಕರಾರು ಮುಂದಿನ ತಿಂಗಳು ಮುಗಿಯುತ್ತದೆ, ಈ ಸಲ ಲಿಫ್ಟಿನ ಖರ್ಚೂ ಇದೆ, ಶೇ 5 ಸಾಕಾಗುವುದಿಲ್ಲ, ಭಾನುವಾರ ಕೂತು ಮಾತಾಡೋಣವೇ?