ಉಳಿದವರು ಏನು ಮಾಡುತ್ತಿದ್ದರು?

"ಉದ್ರಿಕ್ತ ಗುಂಪು ಬ್ಯಾರಿಕೇಡ್ ಮುರಿದು ಕಚೇರಿಗೆ ನುಗ್ಗಲು ಯತ್ನಿಸಿತು." ಮೊನ್ನೆ ಸಂಜೆ ಡೆಸ್ಕಿಗೆ ಬಂದ ವರದಿಯ ಮೊದಲ ಸಾಲು. ಕಾಲುವೆಗೆ ನೀರು ಬಿಡಬೇಕೆಂದು ರೈತರು ನೀರಾವರಿ ಕಚೇರಿಯೆದುರು ಧರಣಿ ಕುಳಿತ ಸುದ್ದಿ ಅದು. ಬರೆದ ಹುಡುಗ ಚುರುಕಿನವನು, ಬೆಳಿಗ್ಗೆಯಿಂದ ಬಿಸಿಲಲ್ಲಿ ನಿಂತು ಬಂದಿದ್ದ.

"ಬ್ಯಾರಿಕೇಡ್ ಎಳೆದವರು ಎಷ್ಟು ಜನ?"

"ಹತ್ತು ಹನ್ನೆರಡು ಮಂದಿ ಸರ್."

"ಉಳಿದವರು?"

"ಅವರು ಕುಳಿತೇ ಇದ್ದರು."

ಈ ಕೊನೆಯ ಉತ್ತರ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಅಷ್ಟು ಸ್ಪಷ್ಟವಾಗಿ ಕಂಡವನು ಬರೆಯಲು ಕೂತಾಗ ನೂರಾರು ಜನರನ್ನು ಒಂದೇ ಪದದಲ್ಲಿ ಮುಗಿಸಿದ್ದ. ಆ ಪದ ತೆಗೆದು, ಸುಮಾರು ಹನ್ನೆರಡು ಮಂದಿ ಬ್ಯಾರಿಕೇಡ್ ಬೀಳಿಸಿದರು, ಉಳಿದವರು ಧರಣಿ ಮುಂದುವರಿಸಿದರು ಎಂದು ಬರೆದೆವು. ರೈತರ ಮೇಲಿನ ಮಮಕಾರಕ್ಕೆ ಬ್ಯಾರಿಕೇಡಿನ ಸಂಗತಿಯನ್ನೇ ಬಿಟ್ಟು "ಶಾಂತಿಯುತ" ಎಂದಿದ್ದರೆ ಅದೂ ಅಷ್ಟೇ ಸುಳ್ಳಾಗುತ್ತಿತ್ತು.

ಮುಂದಿನ ಸಾಲು "ಘರ್ಷಣೆ ಸಂಭವಿಸಿತು" ಎಂದಿತ್ತು, ಮಳೆ ಬಂದ ಹಾಗೆ! ಹುಡುಗನ ಮೊಬೈಲ್‌ನ ವಿಡಿಯೊದಲ್ಲಿ ಮೊದಲು ಬ್ಯಾರಿಕೇಡ್ ಬೀಳುತ್ತದೆ, ಆಮೇಲೆ ಪೊಲೀಸರು ಲಾಠಿ ಬೀಸುತ್ತಾರೆ. ಅದೇ ಕ್ರಮದಲ್ಲಿ, ಮಾಡಿದವರನ್ನು ಹೆಸರಿಸಿ ಬರೆದರಾಯಿತು. ಪೊಲೀಸರು ಹೇಳಿದ ಕಲ್ಲು ತೂರಾಟವನ್ನು ಅವನು ನೋಡಿರಲಿಲ್ಲ, ವಿಡಿಯೊದಲ್ಲೂ ಅದಿಲ್ಲ. ಹಾಗಾಗಿ ಅದು ಪೊಲೀಸರ ಹೇಳಿಕೆಯಾಗಿ ಉಳಿಯಿತು, ಪಕ್ಕದಲ್ಲೇ ರೈತ ಮುಖಂಡರ ನಿರಾಕರಣೆ.

ಕೊನೆಗೆ ಎಂದಿನ ಸಾಲು: "ಅಧಿಕಾರಿಗಳು ಪ್ರತಿಕ್ರಿಯೆಗೆ ಲಭ್ಯರಾಗಲಿಲ್ಲ." ಒಂದೇ ಸಲ ಕರೆ ಮಾಡಿದ್ದನಂತೆ. ನಮ್ಮಲ್ಲಿ ಅನೇಕರಿಗೆ ಈ ಸಾಲು ಬರೆದರೆ ಇನ್ನೊಂದು ಪಕ್ಷದ ಋಣ ತೀರಿದಂತೆ. "ನಿಮ್ಮ ಪ್ರತಿಕ್ರಿಯೆ ಏನು" ಎಂದು ಕೇಳಬೇಡ, ಜಲಾಶಯದಲ್ಲಿ ನೀರೆಷ್ಟಿದೆ, ಕುಡಿಯಲು ಎಷ್ಟು ಕಾಯ್ದಿಟ್ಟಿದ್ದೀರಿ ಎಂದು ಕೇಳು ಎಂದೆ. ಎಂಜಿನಿಯರ್ ಎರಡನೇ ಕರೆಗೆ ಸಿಕ್ಕರು, ಸಾವಧಾನವಾಗಿಯೇ ಲೆಕ್ಕ ಹೇಳಿದರು. ಅವರ ಪ್ರಕಾರ ಕಳೆದ ಸರದಿಯಲ್ಲಿ ನಿಗದಿಯಾದಷ್ಟೂ ನೀರು ಬಿಡಲಾಗಿದೆ. ರೈತರ ಪ್ರಕಾರ ಕಾಲುವೆಯ ಕೊನೆಯ ಭಾಗಕ್ಕೆ ಅದು ಬರಲೇ ಇಲ್ಲ.

ಇಬ್ಬರ ಮಾತನ್ನೂ ಸಮನಾಗಿ ನಾಲ್ಕು ನಾಲ್ಕು ಸಾಲು ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಒಬ್ಬರು ತೂಬಿನ ಬಳಿಯ ಲೆಕ್ಕ ಹೇಳುತ್ತಿದ್ದಾರೆ, ಇನ್ನೊಬ್ಬರು ಹೊಲದ ಬದುವಿನ ಬಳಿಯದು. ನಡುವೆ ನೀರು ಸೋರಿರಬಹುದು, ಮೇಲ್ಭಾಗದವರು ಪಂಪು ಇಟ್ಟು ಎತ್ತಿರಬಹುದು, ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ಕಾಲುವೆಯ ಕೊನೆಯಲ್ಲಿ ನೀರಿನ ಮಟ್ಟ ಬರೆದಿಡುವ ಪುಸ್ತಕ ನೋಡಿದರೆ ಗೊತ್ತಾಗುತ್ತದೆ. ಅದರ ಪ್ರತಿಗಾಗಿ ಹುಡುಗ ಅರ್ಜಿ ಕೊಟ್ಟಿದ್ದಾನೆ, ಇನ್ನೂ ಸಿಕ್ಕಿಲ್ಲ. ಸುದ್ದಿ ಸಂಪಾದಕರು ಮಾತ್ರ ಬಿದ್ದ ಬ್ಯಾರಿಕೇಡಿನ ಚಿತ್ರವನ್ನೇ ಮುಖಪುಟಕ್ಕೆ ದೊಡ್ಡದಾಗಿ ಹಾಕಿಸಿದರು.