ಮಗ್ಗುಲು ಬದಲಿಸಿ ನೋಡಿದ್ಯಾ?

ಸೋಮವಾರದಿಂದ ಮಾಮನ ಆ ಒಂದು ಮಾತು ಕಿವಿಯಲ್ಲೇ ಇದೆ. ಸರ್ವಿಸ್ ಮುಗಿಸಿದ ಎಚ್‌ಎಂಟಿ ಜನತಾ ವಾಚನ್ನು ಪೂರ್ತಿ ಕೀ ಕೊಟ್ಟು, ಡಯಲ್ ಮೇಲಾಗಿಸಿ, ಟಿಕ್ ಸದ್ದು ಕೇಳಿ ವೇಗ ಅಳೆಯುವ ಟೈಮ್‌ಗ್ರಾಫರ್ ಮೇಲಿಟ್ಟಿದ್ದೆ. ಚೀಟಿಯಲ್ಲಿ ದಿನಕ್ಕೆ +4 ಸೆಕೆಂಡ್ ಅಂತ ಬಂತು. ಗೆರೆಗಳು ಹೆಚ್ಚುಕಮ್ಮಿ ನೆಟ್ಟಗೇ ಇದ್ದವು. ಖುಷಿಯಾಗಿ ಮಾಮನಿಗೆ ತೋರಿಸಿದೆ.

"ಮಗ್ಗುಲು ಬದಲಿಸಿ ನೋಡಿದ್ಯಾ?"

ಕೀ ಕೆಳಗೆ ಬರುವಂತೆ ನಿಲ್ಲಿಸಿದೆ. ಗೆರೆ ಇಳಿಯತೊಡಗಿತು. −38! ಅದೇ ವಾಚು, ಅದೇ ಹೊತ್ತು.

ಆಗ ಮಾಮ ಮೊದಲ ಚೀಟಿಯಲ್ಲಿ ನಾನು ಓದದೇ ಬಿಟ್ಟಿದ್ದನ್ನು ಬೆರಳಿಟ್ಟು ತೋರಿಸಿದರು. ಆಂಪ್ಲಿಟ್ಯೂಡ್ 205 ಡಿಗ್ರಿ, ಅಂದರೆ ಹಿಂದೆ ಮುಂದೆ ತೂಗುವ ಬ್ಯಾಲೆನ್ಸ್ ಚಕ್ರ ನಡುವಿನಿಂದ ಒಂದು ಕಡೆಗೆ ಅಷ್ಟೇ ತಿರುಗುತ್ತಿದೆ. ಹೊಸದಾಗಿ ಸರ್ವಿಸ್ ಆಗಿ ಪೂರ್ತಿ ಕೀ ಕೊಟ್ಟ ವಾಚಿಗೆ ಮಲಗಿದಾಗ 270ರ ಆಸುಪಾಸು ಬೇಕು. ನಿಲ್ಲಿಸಿದಾಗ ಉಜ್ಜಾಟ ಜಾಸ್ತಿ, ಅದು ಇನ್ನೂ ಬೀಳುತ್ತದೆ. ತೂಗಾಟ ಸಣ್ಣದಾದರೆ ಚಕ್ರದ ತೂಕದಲ್ಲಿನ ಚಿಕ್ಕ ಏರುಪೇರೂ ವೇಗದಲ್ಲಿ ಎದ್ದು ಕಾಣುತ್ತದೆ. ಈ ಡಿಗ್ರಿ ಲೆಕ್ಕಕ್ಕೆ ಯಂತ್ರದಲ್ಲಿ, ಬಡಿತಕ್ಕೊಮ್ಮೆ ಚಕ್ರ ತಳ್ಳಿಸಿಕೊಳ್ಳುವ ಕೋನವಾದ ಲಿಫ್ಟ್ ಆ್ಯಂಗಲ್ ಸರಿಯಾಗಿ ಕೊಟ್ಟಿರಬೇಕು, ಇಲ್ಲದಿದ್ದರೆ ಡಿಗ್ರಿಯೇ ಸುಳ್ಳು.

ನಾನು ವೇಗ ತಿದ್ದುವ ರೆಗ್ಯುಲೇಟರ್ ಕಡ್ಡಿ ಸರಿಸೋಕೆ ಕೈ ಹಾಕಿದ್ದೆ. ಮಾಮ ತಡೆದರು. ಬಿಚ್ಚಿ ನೋಡಿದರೆ, ಚಕ್ರವನ್ನು ತಳ್ಳುವ ಪ್ಯಾಲೆಟ್ ಫೋರ್ಕ್‌ನ ಪಿವಟ್‌ಗಳಲ್ಲಿ ಎಣ್ಣೆ. ಹಾಕಿದ್ದು ನಾನೇ. ಅಲ್ಲಿ ಎಣ್ಣೆ ಬೇಡ, ಒಣಗಿದಂತೇ ಇರಬೇಕು. ಅಷ್ಟು ಹಗುರವಾದ ಭಾಗವನ್ನು ಎಣ್ಣೆಯೇ ಹಿಡಿದಿಡುತ್ತದೆ. ತೊಳೆದು ಕೂರಿಸಿದ ಮೇಲೆ ಆಂಪ್ಲಿಟ್ಯೂಡ್ 276.

ಗೆರೆಗಳು ಈಗಲೂ ದೂರ ದೂರ. ಬೀಟ್ ಎರರ್ 2.4 ಮಿಲಿಸೆಕೆಂಡ್. ಇದು ಗಂಟೆಗೆ 18,000 ಬಡಿತದ ವಾಚು, ಒಂದು ಬಡಿತಕ್ಕೆ 200 ಮಿಲಿಸೆಕೆಂಡ್. ಟಿಕ್ ಮತ್ತು ಟಾಕ್ ನಡುವಿನ ಅಂತರ ಸಮನಾಗಿಲ್ಲ, ಚಕ್ರದ ವಿಶ್ರಾಂತಿ ಜಾಗ ಸರಿಯಾಗಿ ನಡುವಿಗಿಲ್ಲ. ಮಾಮ ಚಕ್ರ ಹೊರತೆಗೆದು, ಹೇರ್‌ಸ್ಪ್ರಿಂಗ್‌ನ ಒಳತುದಿ ಹಿಡಿದಿರುವ ಕಾಲೆಟ್ ಎಂಬ ಉಂಗುರವನ್ನು ಕೂದಲೆಳೆಯಷ್ಟು ತಿರುಗಿಸಿದರು. ಎರಡು ಸಲ ಮಾಡಿದ ಮೇಲೆ 0.4. ಗೆರೆಗಳೆರಡೂ ಒಂದರ ಪಕ್ಕ ಒಂದು ಬಂದು ಕೂತವು. ಅವರ ಕೈಗೆ ಅವರಷ್ಟು ವಯಸ್ಸಾಗಿಲ್ಲ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ವೇಗ ಈಗ +22 ಆಗಿತ್ತು. ನಾನು ಮೊದಲು ಮೆಚ್ಚಿದ್ದ +4 ಸುಮ್ನೆ ಆಕಸ್ಮಿಕ, ಅಲ್ವಾ? ರೆಗ್ಯುಲೇಟರ್ ಕಡ್ಡಿಯನ್ನು ಮೈನಸ್ ಕಡೆಗೆ ಒಂದಿಷ್ಟು ನೂಕಿದ ಮೇಲೆ ಮಲಗಿದಾಗ +6, ಕೀ ಕೆಳಗಾದಾಗ −5. ಅಷ್ಟಾದರೆ ಈ ವಾಚಿಗೆ ಸಾಕು. ಎಲ್ಲ ಅಂಕಿಯನ್ನೂ ಸೊನ್ನೆ ಮಾಡಲು ಹೊರಡುವವರನ್ನು ನಾನು ಒಪ್ಪುವುದಿಲ್ಲ. ಕೈಯಲ್ಲಿ ವಾಚು ದಿನವಿಡೀ ಒಂದೇ ಮಗ್ಗುಲಲ್ಲಿ ಇರುವುದಿಲ್ಲ.

ಮರುದಿನ ಅದೇ ಹೊತ್ತಿಗೆ ಕೀ ಕೊಡದೆ ಮತ್ತೆ ಇಟ್ಟೆ. ಆಂಪ್ಲಿಟ್ಯೂಡ್ 228ಕ್ಕೆ ಇಳಿದಿತ್ತು, ವೇಗ ಹೆಚ್ಚು ಕದಲಿರಲಿಲ್ಲ. ಚೀಟಿ ಹರಿದು ಮಾಮನ ಕೈಗೆ ಕೊಟ್ಟೆ. ಕನ್ನಡಕ ಏರಿಸಿ ನೋಡಿದರು.

"ಇದು ಯಾವ ಮಗ್ಗುಲು?"

ಬರೆದಿರಲಿಲ್ಲ. ಪೆನ್ನು ತಗೊಂಡು ಮೂಲೆಯಲ್ಲಿ ಬರೆದೆ: ಡಯಲ್ ಮೇಲೆ, 24 ಗಂಟೆ.