ಆರ್‌ಎಸ್‌ಐ 70 ದಾಟಿದ ಮೇಲೆ

"ಆರ್‌ಎಸ್‌ಐ 70 ದಾಟಿದೆ ಅಣ್ಣಾ, ಈಗ ಡೈವರ್ಜೆನ್ಸ್ ಬೇರೆ ಕಾಣ್ತಾ ಉಂಟು. ಇದ್ದದ್ದನ್ನೆಲ್ಲ ಮಾರಿಬಿಡುದಾ?"

ಬದಿಯಡ್ಕ, ಕುಂಬಳೆ ಕಡೆಯ ಹುಡುಗರು ಮೊಬೈಲ್‌ನಲ್ಲಿ ಷೇರಿನ ಚಾರ್ಟ್ ತೆರೆದು ಮುಂದೆ ಹಿಡಿದು ಕೇಳುವಾಗ ನಾನು ಮೊದಲು ನೋಡುವುದು ಆರ್‌ಎಸ್‌ಐ ಗೆರೆಯನ್ನಲ್ಲ, ಅದರ ಮೇಲಿರುವ ಬೆಲೆಯನ್ನು. ಬೆಲೆ ಇನ್ನೂ ಏರುತ್ತಲೇ ಇದ್ದರೆ, ಆ ಎರಡು ಕಾರಣ ಸೇರಿದರೂ ಮಾರುವುದಕ್ಕೆ ಸಾಲದು ಅನ್ನುತ್ತೇನೆ. ಯಾಕೆ ಅಂತ ತಿಳಿಯಬೇಕಾದರೆ ಈ ಅಂಕಿ ಹೇಗೆ ಹುಟ್ಟುತ್ತದೆ ಅಂತ ನೋಡಬೇಕು.

ಇದನ್ನು 1978ರಲ್ಲಿ ಜನರ ಮುಂದಿಟ್ಟವರು ಅಮೆರಿಕದ ವೆಲ್ಸ್ ವೈಲ್ಡರ್. ಮೆಕ್ಯಾನಿಕಲ್ ಇಂಜಿನಿಯರ್ ಆಗಿದ್ದವರು. ಲೆಕ್ಕ ಸುಲಭ. ಹಿಂದಿನ 14 ದಿನಗಳಲ್ಲಿ ಏರಿದ ದಿನ ಎಷ್ಟೆಷ್ಟು ಏರಿತು ಅಂತ ಒಂದು ಕಡೆ ಕೂಡಿಸಿ. ಇಳಿದ ದಿನ ಎಷ್ಟೆಷ್ಟು ಇಳಿಯಿತು ಅಂತ ಇನ್ನೊಂದು ಕಡೆ ಕೂಡಿಸಿ. ಎರಡೂ ಸೇರಿದ ಒಟ್ಟು ಓಡಾಟದಲ್ಲಿ ಏರಿಕೆಯ ಪಾಲು ನೂರಕ್ಕೆ ಎಷ್ಟು? ಅದೇ ಆರ್‌ಎಸ್‌ಐ. ವೈಲ್ಡರ್ ಸರಾಸರಿ ತೆಗೆಯುವ ಕ್ರಮದಲ್ಲಿ ಹಳೆಯ ದಿನಗಳ ನೆರಳೂ ಸ್ವಲ್ಪ ಉಳಿದಿರುತ್ತದೆ. ಹಾಗಾಗಿ ಆ್ಯಪ್‌ನಲ್ಲಿ ಕಾಣುವ ಅಂಕಿ ತುಸು ಬೇರೆ ಇರಬಹುದು. ಅರ್ಥ ಮಾತ್ರ ಇದೇ.

ಗಮನಿಸಿ, ಈ ಲೆಕ್ಕದಲ್ಲಿ ಷೇರು ದುಬಾರಿಯೋ ಅಗ್ಗವೋ ಅನ್ನುವ ಮಾತೇ ಇಲ್ಲ. 70 ದಾಟಿದ್ದಕ್ಕೆ ಇಟ್ಟ 'ಓವರ್‌ಬಾಟ್' ಅನ್ನುವ ಹೆಸರು ಕೇಳಿ, ಕೊಳ್ಳುವವರೆಲ್ಲ ಕೊಂಡು ಮುಗಿಸಿದ್ದಾರೆ ಅಂದುಕೊಳ್ಳುತ್ತೇವೆ. 70 ಅಂದರೆ ಇಷ್ಟೇ: ಇತ್ತೀಚಿನ ಓಡಾಟದಲ್ಲಿ ನೂರಕ್ಕೆ 70 ಪಾಲು ಮೇಲ್ಮುಖ.

ಒಂದು ಷೇರು 400 ರೂಪಾಯಿಯಲ್ಲಿದೆ ಅಂತ ಇಟ್ಟುಕೊಳ್ಳಿ. ಮುಂದಿನ 14 ದಿನಗಳಲ್ಲಿ 10 ದಿನ 5 ರೂಪಾಯಿಯಂತೆ ಏರಿತು, 4 ದಿನ 4 ರೂಪಾಯಿಯಂತೆ ಇಳಿಯಿತು. ಏರಿಕೆ 50, ಇಳಿಕೆ 16. ಒಟ್ಟು 66ರಲ್ಲಿ 50, ಅಂದರೆ ಆರ್‌ಎಸ್‌ಐ ಸುಮಾರು 76. ಬೆಲೆ 434. 'ಓವರ್‌ಬಾಟ್ ಆಯ್ತು' ಅಂತ ಇಲ್ಲಿ ಮಾರುವವರು ಮಾರುತ್ತಾರೆ. ಮುಂದಿನ 14 ದಿನವೂ ಷೇರು ಇದೇ ಲಯದಲ್ಲಿ ನಡೆಯಿತು ಅನ್ನಿ. ಆರ್‌ಎಸ್‌ಐ ಮತ್ತೆ 76, ಬೆಲೆ ಮಾತ್ರ 468. ಓಟ ಹೀಗೇ ಸಾಗಿದರೆ ಆರ್‌ಎಸ್‌ಐ ತಿಂಗಳುಗಟ್ಟಲೆ 70ರ ಮೇಲೆ ಕೂತಿರಬಹುದು. ಅದರಲ್ಲಿ ಅಸಹಜವಾದದ್ದು ಏನೂ ಇಲ್ಲ.

ನಮ್ಮ ನಿಫ್ಟಿಯಲ್ಲೇ ನೋಡಬಹುದು. 2020ರ ನವೆಂಬರ್ ಎರಡನೇ ವಾರದಲ್ಲಿ ದಿನದ ಚಾರ್ಟ್‌ನ ಆರ್‌ಎಸ್‌ಐ 70 ದಾಟಿತ್ತು. ಆಗ ನಿಫ್ಟಿ 12,600ರ ಆಸುಪಾಸಿನಲ್ಲಿತ್ತು. ಡಿಸೆಂಬರ್ ಕೊನೆಗೆ ಅದು 14,000ದ ಹತ್ತಿರ ಬಂತು, ಫೆಬ್ರವರಿಯಲ್ಲಿ 15,000 ದಾಟಿತು. ನಡುವೆ ಜನವರಿ ಕೊನೆಯಲ್ಲಿ ಜೋರಾಗಿ ಬಿದ್ದದ್ದೂ ಉಂಟು. ಆದರೆ ಆಗ ಮುಚ್ಚಿದ್ದು 13,600ರ ಮೇಲೆಯೇ. ನವೆಂಬರ್‌ನಲ್ಲಿ ಮಾರಿ, 'ಇಳಿದಾಗ ಮತ್ತೆ ಕೊಳ್ಳೋಣ' ಅಂತ ಕಾದವರಿಗೆ ಆ ಇಳಿತದಲ್ಲೂ ಸಾವಿರ ಪಾಯಿಂಟ್ ಜಾಸ್ತಿ ಕೊಡಬೇಕಾಗಿತ್ತು.

ಇನ್ನು ಡೈವರ್ಜೆನ್ಸ್. ಬೆಲೆ ಹಿಂದಿನ ಶಿಖರಕ್ಕಿಂತ ಮೇಲೆ ಹೋಗುತ್ತದೆ, ಆರ್‌ಎಸ್‌ಐ ತನ್ನ ಹಿಂದಿನ ಶಿಖರವನ್ನು ಮುಟ್ಟುವುದಿಲ್ಲ. ನಮ್ಮ ಷೇರನ್ನೇ ಮುಂದುವರಿಸೋಣ. 468ರಿಂದ ಅದು ಮೂರು ದಿನ 4 ರೂಪಾಯಿಯಂತೆ ಇಳಿದು 456ಕ್ಕೆ ಬಂತು. ಆಮೇಲಿನ 11 ದಿನಗಳಲ್ಲಿ 9 ದಿನ 4 ರೂಪಾಯಿಯಂತೆ ಏರಿ, 2 ದಿನ 3 ರೂಪಾಯಿಯಂತೆ ಇಳಿದು 486 ಮುಟ್ಟಿತು. ಏರಿಕೆ 36, ಇಳಿಕೆ 18. ಆರ್‌ಎಸ್‌ಐ ಸುಮಾರು 67. ಬೆಲೆ 18 ರೂಪಾಯಿ ಮೇಲೆ, ಆರ್‌ಎಸ್‌ಐ 9 ಅಂಕ ಕೆಳಗೆ. ಚಾರ್ಟ್ ಮೇಲೆ ಗೆರೆ ಎಳೆದರೆ ಪಕ್ಕಾ ಡೈವರ್ಜೆನ್ಸ್.

ಆದರೆ ಇಲ್ಲಿ ನಿಜವಾಗಿ ಆದದ್ದೇನು? 14 ದಿನಕ್ಕೆ 34 ರೂಪಾಯಿ ಏರುತ್ತಿದ್ದದ್ದು 18 ಏರಿತು. ವೇಗ ಕಡಿಮೆಯಾಯಿತು, ದಿಕ್ಕು ಬದಲಾಗಿಲ್ಲ. ಮುಂದಿನ 14 ದಿನವೂ ಹೀಗೇ ನಡೆದರೆ ಬೆಲೆ 504 ಆಗುತ್ತದೆ, ಆರ್‌ಎಸ್‌ಐ 67ರಲ್ಲೇ ಇರುತ್ತದೆ. ಆ ಮೊದಲ 76ಕ್ಕೆ ಹೋಲಿಸಿದರೆ ಅದೂ ಡೈವರ್ಜೆನ್ಸೇ! ಜೋರಾದ ಓಟಗಳಲ್ಲಿ ಹೀಗಾಗುವುದು ಜಾಸ್ತಿ. ಮೊದಲ ಜಿಗಿತದಲ್ಲಿ ಆರ್‌ಎಸ್‌ಐ 80–85 ಮುಟ್ಟಿಬಿಟ್ಟರೆ, ಆಮೇಲೆ ನೆಟ್ಟಗೆ ಏರುವ ಪ್ರತಿಯೊಂದು ಶಿಖರವೂ ಅದರ ಎದುರು ಸಪ್ಪೆಯಾಗಿ ಕಾಣುತ್ತದೆ. ಒಂದೇ ಏರಿಕೆಯಲ್ಲಿ ಮೂರು ನಾಲ್ಕು ಡೈವರ್ಜೆನ್ಸ್ ಬಂದು ಹೋಗುವುದು ಇದಕ್ಕೇ.

ಅಡಿಕೆ ಇರುವ ಮನೆಯವರಿಗೆ ಇದು ಹೊಸತಲ್ಲ. ಧಾರಣೆ ಕಳೆದ ವಾರ ಹತ್ತು ರೂಪಾಯಿ ಏರಿ ಈ ವಾರ ಐದೇ ಏರಿತು ಅಂತ ಯಾರೂ ಅಟ್ಟ ಖಾಲಿ ಮಾಡುವುದಿಲ್ಲ. ಅಂಗಡಿಯವ ನಿನ್ನೆಗಿಂತ ಕಡಿಮೆ ಹೇಳಲು ಶುರು ಮಾಡಿದಾಗ ಯೋಚಿಸುತ್ತಾರೆ, ಅಲ್ವಾ?

ಷೇರಿನಲ್ಲಿ ಆ 'ಕಡಿಮೆ ಹೇಳುವುದು' ಎಲ್ಲಿ ಅಂತ ಮೊದಲೇ ಗುರುತು ಹಾಕಬಹುದು. ಎರಡು ಶಿಖರಗಳ ನಡುವಿನ ತಗ್ಗು. ನಮ್ಮ ಲೆಕ್ಕದಲ್ಲಿ ಅದು 456. ದಿನದ ಕೊನೆಗೆ ಬೆಲೆ 456ರ ಕೆಳಗೆ ಮುಚ್ಚಿದರೆ ಡೈವರ್ಜೆನ್ಸ್ ಹೇಳಿದ್ದನ್ನು ಬೆಲೆಯೂ ಒಪ್ಪಿತು ಅಂತ ಅರ್ಥ. ಅಲ್ಲಿಯವರೆಗೆ ಅದು ಎಚ್ಚರಿಕೆ ಮಾತ್ರ. ಆಗ ನಾನು ಹೊಸದಾಗಿ ಕೊಳ್ಳುವುದಿಲ್ಲ, ಇದ್ದದ್ದನ್ನು ಮಾರುವುದೂ ಇಲ್ಲ.

ಇದಕ್ಕೆ ಬೆಲೆ ತೆರಬೇಕು, ಅದನ್ನು ಮುಚ್ಚಿಡಬಾರದು. 486ರಲ್ಲಿ ಮಾರಬಹುದಾಗಿದ್ದದ್ದು 456ರ ಕೆಳಗೆ ಮಾರಿದ ಹಾಗಾಗುತ್ತದೆ. ನೂರಕ್ಕೆ ಆರು ಹೋಯಿತು. ಅಷ್ಟು ಕಳೆದುಕೊಳ್ಳಲು ಮನಸ್ಸಿಲ್ಲದವರು ಡೈವರ್ಜೆನ್ಸ್ ಕಂಡಾಗ ಒಂದು ಪಾಲು ಮಾರಿ, ಉಳಿದದ್ದಕ್ಕೆ 456 ಇಟ್ಟುಕೊಳ್ಳಲಿ. ಅದರಲ್ಲಿ ತಪ್ಪೇನಿಲ್ಲ.

ಇನ್ನೊಂದು ಗುರುತೂ ಉಂಟು. ಗಟ್ಟಿಯಾದ ಏರಿಕೆಯಲ್ಲಿ ಬೆಲೆ ಇಳಿದಾಗ ಆರ್‌ಎಸ್‌ಐ ಸಾಮಾನ್ಯವಾಗಿ 40–50ರ ನಡುವೆ ನಿಂತು ತಿರುಗುತ್ತದೆ, 30ರವರೆಗೆ ಬರುವುದೇ ಅಪರೂಪ. ಈ ವಿಚಾರವನ್ನು ಬೆಳೆಸಿದವರಲ್ಲಿ ಚಾರ್ಟ್ ವಿಶ್ಲೇಷಕ ಆಂಡ್ರ್ಯೂ ಕಾರ್ಡ್‌ವೆಲ್ ಒಬ್ಬರು. ಹಾಗಾಗಿ 70 ದಾಟಿತು ಅನ್ನುವುದಕ್ಕಿಂತ, ಇಳಿಯುವಾಗ 40 ಉಳಿಯಿತಾ ಅನ್ನುವುದನ್ನು ನಾನು ಹೆಚ್ಚು ನಂಬುತ್ತೇನೆ. 70ರಲ್ಲಿ ಮಾರು, 30ರಲ್ಲಿ ಕೊಳ್ಳು ಅನ್ನುವ ಹಳೇ ಸೂತ್ರ ಪೂರ್ತಿ ಸುಳ್ಳಲ್ಲ. ತಿಂಗಳುಗಟ್ಟಲೆ 400–440ರ ನಡುವೆಯೇ ಹೋಗಿ ಬರುವ ಷೇರಿನಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ. ಆ ಕಟ್ಟೆ ಒಡೆದು ಬೆಲೆ ಮೇಲಕ್ಕೆ ಹೊರಬಿದ್ದ ದಿನವೇ ಹೆಚ್ಚಾಗಿ ಆರ್‌ಎಸ್‌ಐ 70 ದಾಟಿರುತ್ತದೆ. ಸೂತ್ರ ಹಿಡಿದವರು ಮಾರುವುದು ಸರಿಯಾಗಿ ಆ ದಿನ.

ಹುಡುಗರು ತೋರಿಸುವ ಡೈವರ್ಜೆನ್ಸ್‌ಗಳಲ್ಲಿ ಕೆಲವು ಡೈವರ್ಜೆನ್ಸೇ ಅಲ್ಲ. ಆರ್‌ಎಸ್‌ಐ ಲೆಕ್ಕ ಹಾಕುವುದು ದಿನದ ಮುಚ್ಚುವ ಬೆಲೆಯಿಂದ. ಇವರು ಗೆರೆ ಎಳೆಯುವುದು ಕ್ಯಾಂಡಲ್‌ನ ತುದಿಗೆ. ಮಧ್ಯಾಹ್ನ 475ಕ್ಕೆ ಹೋಗಿ 465ರಲ್ಲಿ ಮುಚ್ಚಿದ ದಿನ, ತುದಿ ನೋಡಿದರೆ 468ರ ಶಿಖರ ದಾಟಿದ ಹಾಗೆ ಕಾಣುತ್ತದೆ, ಮುಚ್ಚುವ ಬೆಲೆಯಲ್ಲಿ ದಾಟಿಯೇ ಇಲ್ಲ. ಕ್ಯಾಂಡಲ್ ತೆಗೆದು ಲೈನ್ ಚಾರ್ಟ್ ಹಾಕಿ ನೋಡಿ, ಅಂಥವು ತಾವಾಗಿಯೇ ಮಾಯವಾಗುತ್ತವೆ. ಎರಡು ವರ್ಷಕ್ಕೆ ಅಂತ ಇಟ್ಟ ಷೇರನ್ನು 15 ನಿಮಿಷದ ಚಾರ್ಟ್ ನೋಡಿ ಮಾರುವವರೂ ಇದ್ದಾರೆ. ಆ ಚಾರ್ಟ್‌ನಲ್ಲಿ 14 ಅಂದರೆ ಮೂರೂವರೆ ಗಂಟೆ. ಅಲ್ಲಿನ ಡೈವರ್ಜೆನ್ಸ್ ನಿಜವಾದರೂ ಮಧ್ಯಾಹ್ನದ ಒಂದು ಇಳಿತಕ್ಕೇ ಮುಗಿದುಹೋಗಬಹುದು. ಅಷ್ಟು ದಿನಕ್ಕೆ ಇಟ್ಟದ್ದಕ್ಕೆ ವಾರದ ಚಾರ್ಟ್ ತೆಗೆದು, ಅದರ ಎರಡು ಶಿಖರಗಳ ನಡುವಿನ ತಗ್ಗು ಎಲ್ಲಿದೆ ಅಂತ ನೋಡಿಕೊಂಡು ಬನ್ನಿ ಅನ್ನುತ್ತೇನೆ.